ಗೆಲಿಲಿಯೋನನ್ನು ಯಾವ ಕಾಲಂಗೆ ಹಾಕೋದು?

ಪ್ರಶ್ನೆ: ಮೇಡಂ, ನಾನು ಇತಿಹಾಸ ತೆಗೆದುಕೊಂಡಿರುವ ಬಿ.ಎ. ವಿದ್ಯಾರ್ಥಿನಿ. ನಮ್ಮ ಟೆಸ್ಟ್‌ನಲ್ಲಿ 5 ಅಂಕಕ್ಕೆ "1610ರಲ್ಲಿ ಗೆಲಿಲಿಯೋ ಪ್ರಕಟಿಸಿದ ಚಂದ್ರನ ವೀಕ್ಷಣೆಯಲ್ಲಿ ಕಲೆ, ವಿಚಾರ ಮತ್ತು ತಂತ್ರಜ್ಞಾನದ ಪಾತ್ರವನ್ನು ಪ್ರತ್ಯೇಕಿಸಿ ಬರೆಯಿರಿ" ಅಂತ ಕೇಳಿದ್ದರು. ದೂರದರ್ಶಕದ ಬಗ್ಗೆ ಒಂದು ಪುಟ ಬರೆದೆ. ಒಂದೂವರೆ ಅಂಕ ಬಂತು. ಗೈಡ್‌ನಲ್ಲಿ ಮೂರು ಕಾಲಂ ಇದೆ. ಕಲೆಗೆ ಲಿಯೊನಾರ್ಡೊ, ಮೈಕೆಲ್ಯಾಂಜೆಲೊ. ವಿಚಾರಕ್ಕೆ ಪೆಟ್ರಾರ್ಕ್, ಕೋಪರ್ನಿಕಸ್. ತಂತ್ರಜ್ಞಾನಕ್ಕೆ ಗುಟೆನ್‌ಬರ್ಗ್, ಗೆಲಿಲಿಯೋ. ಅದನ್ನೇ ಬಾಯಿಪಾಠ ಮಾಡಿದ್ದೆ. ಗೆಲಿಲಿಯೋಗೂ ಕಲೆಗೂ ಏನು ಸಂಬಂಧ? ಇಂಥ ಪ್ರಶ್ನೆಗೆ ಹೇಗೆ ತಯಾರಾಗಬೇಕು?

ಉತ್ತರ: ಎಡವಟ್ಟಾಗಿರುವುದು ಆ ಮೂರು ಕಾಲಂಗಳಲ್ಲಿ. ಗೈಡ್ ಬರೆದವರು ಮನುಷ್ಯರನ್ನು ವಿಂಗಡಿಸಿದ್ದಾರೆ. ಪ್ರಶ್ನೆ ಕೇಳಿದವರಿಗೆ ಬೇಕಾಗಿದ್ದು ಒಂದು ಘಟನೆಯೊಳಗಿನ ಕೆಲಸಗಳ ವಿಂಗಡಣೆ. ಒಬ್ಬನೇ ಮನುಷ್ಯ ಒಂದೇ ವಾರದಲ್ಲಿ ಗಾಜು ಉಜ್ಜಬಹುದು, ಚಿತ್ರ ಬಿಡಿಸಬಹುದು, ಹಳೆಯ ಸಿದ್ಧಾಂತದ ವಿರುದ್ಧ ವಾದವನ್ನೂ ಹೂಡಬಹುದು. ಗೆಲಿಲಿಯೋ ಹೆಚ್ಚುಕಡಿಮೆ ಅದನ್ನೇ ಮಾಡಿದ. ಅವನನ್ನು ಒಂದೇ ಕಾಲಂನಲ್ಲಿ ಕೂರಿಸಿದರೆ ಉಳಿದ ಎರಡು ಭಾಗಕ್ಕೆ ಬರೆಯಲು ಏನೂ ಇರುವುದಿಲ್ಲ.

ಪ್ರಶ್ನೆಪತ್ರಿಕೆ ತೆಗೆಯುವ ಕೆಲಸವನ್ನೂ ಮಾಡಿದ್ದೇನೆ, ಉತ್ತರಪತ್ರಿಕೆ ತಿದ್ದುವ ಕೆಲಸವನ್ನೂ ಮಾಡಿದ್ದೇನೆ. "ಪ್ರತ್ಯೇಕಿಸಿ ಬರೆಯಿರಿ" ಅಂತ ಇದ್ದಾಗ ಸ್ಕೀಮ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಭಾಗಕ್ಕೂ ಒಂದಿಷ್ಟು ಅಂಕ ಮೀಸಲಾಗಿರುತ್ತದೆ. ಮೂರು ಭಾಗಗಳ ನಡುವಿನ ಸಂಬಂಧಕ್ಕೂ ಸ್ವಲ್ಪ ಇರುತ್ತದೆ. ಒಂದೇ ಭಾಗವನ್ನು ಎಷ್ಟು ಚೆನ್ನಾಗಿ ಬರೆದರೂ ಅದರ ಪಾಲಿನ ಅಂಕಕ್ಕಿಂತ ಜಾಸ್ತಿ ಕೊಡಲು ಬರುವುದಿಲ್ಲ. ನಿಮಗೆ ಒಂದೂವರೆ ಬಂದಿದ್ದು ಹೀಗೆ ಅಂತ ಕಾಣುತ್ತದೆ. ಬರೆದ ಪುಟ ಕೆಟ್ಟದಾಗಿತ್ತು ಅಂತ ಅಂದುಕೊಳ್ಳಬೇಡಿ.

ಈಗ ಆ ಚಂದ್ರನ ವಿಷಯವನ್ನೇ ಬಿಡಿಸಿ ನೋಡೋಣ. ಇದನ್ನು ಒಮ್ಮೆ ಸರಿಯಾಗಿ ಹಿಡಿದರೆ ಇಂಥ ಬೇರೆ ಪ್ರಶ್ನೆಗಳೂ ಕೈಗೆ ಸಿಗುತ್ತವೆ.

ಮೊದಲು ತಂತ್ರಜ್ಞಾನ, ಯಾಕೆಂದರೆ ಅಲ್ಲೇ ದೊಡ್ಡ ತಪ್ಪು ಕಲ್ಪನೆ ಇದೆ. ದೂರದರ್ಶಕವನ್ನು ಕಂಡುಹಿಡಿದವನು ಗೆಲಿಲಿಯೋ ಅಲ್ಲ. ಕನ್ನಡಕದ ಗಾಜು ಇಟಲಿಯಲ್ಲಿ 13ನೇ ಶತಮಾನದ ಕೊನೆಗೇ ಬಂದಿತ್ತು. 1608ರ ಅಕ್ಟೋಬರ್‌ನಲ್ಲಿ ಹಾಲೆಂಡಿನ ಹ್ಯಾನ್ಸ್ ಲಿಪ್ಪರ್ಶೇ ಎಂಬ ಕನ್ನಡಕ ಮಾಡುವವನು ದೂರದ ವಸ್ತುವನ್ನು ಹತ್ತಿರ ತೋರಿಸುವ ಕೊಳವೆಗೆ ಪೇಟೆಂಟ್ ಕೇಳಿದ. ಇನ್ನೂ ಕೆಲವರು ಅದೇ ಉಪಕರಣ ತಮ್ಮದೆಂದು ಮುಂದೆ ಬಂದಿದ್ದರಿಂದ ಪೇಟೆಂಟ್ ಸಿಗಲಿಲ್ಲ. ಮರುವರ್ಷ ಸುದ್ದಿ ಇಟಲಿಗೆ ಮುಟ್ಟಿತು. ಗೆಲಿಲಿಯೋ ತಾನೇ ಗಾಜು ಉಜ್ಜಲು ಕೂತ. ಮೊದಲ ಕೊಳವೆ ಸುಮಾರು 3 ಪಟ್ಟು ದೊಡ್ಡದು ಮಾಡಿ ತೋರಿಸುತ್ತಿತ್ತು. ಆಗಸ್ಟ್‌ನಲ್ಲಿ ವೆನಿಸ್‌ನ ಅಧಿಕಾರಿಗಳಿಗೆ ತೋರಿಸಿದ್ದು 8-9 ಪಟ್ಟಿನದು. ವರ್ಷದ ಕೊನೆಗೆ 20 ಪಟ್ಟಿನವರೆಗೆ ಹೋದ. ಮುಂದೆ ಉಬ್ಬು ಗಾಜು, ಕಣ್ಣಿನ ಕಡೆ ತಗ್ಗು ಗಾಜು. ಗಾಜಿನ ಅಂಚಿನಲ್ಲಿ ಚಿತ್ರ ಕಲಸಿಹೋಗುತ್ತಿದ್ದರಿಂದ ಮುಂದಿನ ಗಾಜಿಗೆ ರಟ್ಟಿನ ಬಳೆ ಹಾಕಿ, ನಡುಭಾಗದಿಂದ ಮಾತ್ರ ಬೆಳಕು ಬರುವ ಹಾಗೆ ಮಾಡಿದ. ಇಷ್ಟು ತಂತ್ರಜ್ಞಾನ. ಉತ್ತರದಲ್ಲಿ "ಕಂಡುಹಿಡಿದ" ಅಂತ ಬರೆಯದೆ "ಸುಧಾರಿಸಿದ" ಅಂತ ಬರೆಯಿರಿ. ತಿದ್ದುವವರ ಕಣ್ಣಿಗೆ ಮೊದಲು ಬೀಳುವುದೇ ಆ ಒಂದು ಪದ.

ಉಪಕರಣ ಇದ್ದರೆ ಸಾಕಾಗಿತ್ತಾ? ಇದಕ್ಕೆ ಉತ್ತರ ಇಂಗ್ಲೆಂಡಿನಲ್ಲಿದೆ. ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞ 1609ರ ಜುಲೈ 26ರಂದೇ, ಅಂದರೆ ಗೆಲಿಲಿಯೋಗಿಂತ ತಿಂಗಳುಗಳ ಮುಂಚೆ, ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬಿಡಿಸಿದ್ದ. ಆ ಚಿತ್ರ ಇಂದಿಗೂ ಉಳಿದಿದೆ. ಬೆಳಕು ಮತ್ತು ಕತ್ತಲೆ ಸೇರುವ ಕಡೆ ಒಂದು ಒರಟು ಗೆರೆ, ಅಲ್ಲಲ್ಲಿ ಒಂದಿಷ್ಟು ಕಪ್ಪು ಗೀಚು. ಬೆಟ್ಟ ಇಲ್ಲ, ಕುಳಿ ಇಲ್ಲ. ಗೆಲಿಲಿಯೋನ ಪುಸ್ತಕ ಬಂದ ಮೇಲೆ ಅದೇ ಹ್ಯಾರಿಯಟ್ ಬಿಡಿಸಿದ ಚಂದ್ರನಲ್ಲಿ ಕುಳಿಗಳು ಕಾಣಿಸಿಕೊಂಡವು.

ಇಲ್ಲಿಗೆ ಕಲೆ ಬಂತು ನೋಡಿ. ಫ್ಲಾರೆನ್ಸ್‌ನಲ್ಲಿ ಆಗ ಗಣಿತ ಕಲಿಯುವವರಿಗೂ ಚಿತ್ರ ಕಲಿಯುವವರಿಗೂ ನಡುವೆ ಗೋಡೆ ಇರಲಿಲ್ಲ. ಗೆಲಿಲಿಯೋಗೆ ಗಣಿತ ಹೇಳಿಕೊಟ್ಟ ಒಸ್ಟಿಲಿಯೋ ರಿಚ್ಚಿ ಅಲ್ಲಿನ ಚಿತ್ರಕಲಾ ಅಕಾಡೆಮಿಯಲ್ಲೂ ಪಾಠ ಮಾಡುತ್ತಿದ್ದ. ಗುಂಡಗಿನ ಅಥವಾ ಉಬ್ಬುತಗ್ಗಿನ ವಸ್ತುವಿನ ಮೇಲೆ ಒಂದು ಕಡೆಯಿಂದ ಬೆಳಕು ಬಿದ್ದರೆ ನೆರಳು ಎಲ್ಲಿ ಬೀಳುತ್ತದೆ, ಎಷ್ಟು ಉದ್ದ ಬೀಳುತ್ತದೆ ಅನ್ನುವುದು ಅಲ್ಲಿನ ದಿನನಿತ್ಯದ ಅಭ್ಯಾಸ. ಅಂಥ ಕಣ್ಣಿಗೆ ಚಂದ್ರನ ಮೇಲಿನ ಕಪ್ಪು ಚುಕ್ಕೆ ಬರೀ ಮಚ್ಚೆಯಾಗಿ ಕಾಣುವುದಿಲ್ಲ, ನೆರಳಾಗಿ ಕಾಣುತ್ತದೆ. ಬೆಳಕಿಗೆ ಎದುರಾದ ಬದಿ ಹೊಳೆಯುತ್ತಿದೆ, ಹಿಂದಿನ ಬದಿ ಕಪ್ಪಾಗಿದೆ ಅಂದರೆ ಅಲ್ಲಿ ಏನೋ ಎತ್ತರ ಇದೆ ಅಂತ ಅರ್ಥ. ಗೆಲಿಲಿಯೋ ಕಂದು ಶಾಯಿಯನ್ನು ನೀರಿನಲ್ಲಿ ತೆಳು ಮಾಡಿ, ಕುಂಚದಲ್ಲಿ ಪದರ ಪದರವಾಗಿ ಹಚ್ಚಿ ಆ ನೆರಳುಗಳನ್ನು ಬಿಡಿಸಿದ. ಅವನ ಗೆಳೆಯ ಚಿಗೋಲಿ ಎಂಬ ಚಿತ್ರಕಾರ 1612ರ ಹೊತ್ತಿಗೆ ರೋಮಿನ ಸಾಂಟಾ ಮರಿಯಾ ಮಜ್ಜೋರೆ ಚರ್ಚಿನ ಒಂದು ಗುಮ್ಮಟದಲ್ಲಿ ಮೇರಿಯನ್ನು ಕುಳಿ ಬಿದ್ದ ಚಂದ್ರನ ಮೇಲೆ ನಿಲ್ಲಿಸಿ ಚಿತ್ರಿಸಿದ. "ಗೆಲಿಲಿಯೋಗೂ ಕಲೆಗೂ ಏನು ಸಂಬಂಧ" ಅಂತ ಕೇಳಿದ್ದಿರಲ್ಲ, ಇಷ್ಟು ಸಂಬಂಧ.

ಒಂದು ಎಚ್ಚರಿಕೆ. "ಚಿತ್ರಕಲೆ ಗೊತ್ತಿದ್ದುದರಿಂದಲೇ ಗೆಲಿಲಿಯೋ ಬೆಟ್ಟಗಳನ್ನು ಕಂಡ, ಹ್ಯಾರಿಯಟ್‌ಗೆ ಅದು ಬರದೇ ಇದ್ದುದರಿಂದ ಕಾಣಲಿಲ್ಲ" ಅಂತ ಪೂರ್ತಿ ಗಟ್ಟಿಯಾಗಿ ಬರೆಯಬೇಡಿ. ಹ್ಯಾರಿಯಟ್‌ನ ಕೊಳವೆ ಸುಮಾರು 6 ಪಟ್ಟಿನದು, ಗೆಲಿಲಿಯೋನದು 20 ಪಟ್ಟಿನದು. ಉಪಕರಣದ ವ್ಯತ್ಯಾಸವೂ ಕಾರಣವೇ. ಕಲೆಯ ತರಬೇತಿ ನೆರವಾಯಿತು ಅಂತ ಬರೆದರೆ ಯಾರೂ ಆಕ್ಷೇಪಣೆ ಮಾಡುವುದಿಲ್ಲ. ಇನ್ನೊಂದು ವಿಷಯ, ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಿ ಒಂದು ಕುಳಿ ನಿಜವಾಗಿ ಇರುವುದಕ್ಕಿಂತ ತುಂಬ ದೊಡ್ಡದಾಗಿದೆ. ಓದುಗರಿಗೆ ವಾದ ಸ್ಪಷ್ಟವಾಗಲಿ ಅಂತ ಹಿಗ್ಗಿಸಿದಂತಿದೆ. ಹಾಗಾಗಿ "ಕಂಡಿದ್ದನ್ನು ಕಂಡ ಹಾಗೇ ಚಿತ್ರಿಸಿದ" ಅನ್ನುವ ವಾಕ್ಯವೂ ಪೂರ್ತಿ ಸರಿಯಲ್ಲ.

ಇನ್ನು ವಿಚಾರ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೋಗೋಣ. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಆಗ ಹೇಳಿಕೊಡುತ್ತಿದ್ದುದು ಅರಿಸ್ಟಾಟಲ್‌ನ ಲೋಕ. ಭೂಮಿಯ ಮೇಲೆ ಎಲ್ಲವೂ ಹುಟ್ಟುತ್ತದೆ, ಕೆಡುತ್ತದೆ, ಬದಲಾಗುತ್ತದೆ. ಚಂದ್ರನಿಂದ ಮೇಲಕ್ಕೆ ಎಲ್ಲವೂ ಬೇರೆಯದೇ ಪದಾರ್ಥ. ಅಲ್ಲಿ ಬದಲಾವಣೆ ಇಲ್ಲ, ಆಕಾಶಕಾಯಗಳು ನುಣುಪಾದ ಗೋಳಗಳು. ಗೆಲಿಲಿಯೋ ನೋಡಿದ್ದು ಇದಕ್ಕೆ ಹೊಂದಲಿಲ್ಲ. ಚಂದ್ರನ ಬೆಳಕು-ಕತ್ತಲೆಯ ಗಡಿ ನುಣ್ಣಗಿರದೆ ಅಂಕುಡೊಂಕಾಗಿತ್ತು. ಕತ್ತಲೆಯ ಭಾಗದೊಳಗೆ, ಗಡಿಯಿಂದ ದೂರದಲ್ಲಿ, ಒಂಟಿ ಬೆಳಕಿನ ಚುಕ್ಕಿಗಳಿದ್ದವು. ಕೆಲವು ಗಂಟೆಗಳಲ್ಲಿ ಅವು ದೊಡ್ಡದಾಗಿ ಬೆಳಕಿನ ಭಾಗಕ್ಕೆ ಕೂಡಿಕೊಳ್ಳುತ್ತಿದ್ದವು. ಬೆಳಗಿನ ಹೊತ್ತು ಬಾಬಾಬುಡನ್‌ಗಿರಿಯ ತುದಿಗೆ ಬಿಸಿಲು ಬಿದ್ದಾಗ ಕೆಳಗಿನ ಕಣಿವೆ ಇನ್ನೂ ಕತ್ತಲಾಗಿರುತ್ತದಲ್ಲ, ಅದೇ ಥರ. ಅಂದರೆ ಅವು ಬೆಟ್ಟದ ತುದಿಗಳು.

ಅವನು ಅಲ್ಲಿಗೇ ಬಿಡಲಿಲ್ಲ, ಎತ್ತರವನ್ನೂ ಲೆಕ್ಕ ಹಾಕಿದ. ಚಂದ್ರನ ವ್ಯಾಸ ಸುಮಾರು 2000 ಇಟಾಲಿಯನ್ ಮೈಲಿ ಅಂತ ಇಟ್ಟುಕೊಂಡ. ಕೆಲವು ಚುಕ್ಕಿಗಳು ಗಡಿಯಿಂದ ವ್ಯಾಸದ ಇಪ್ಪತ್ತನೇ ಒಂದು ಭಾಗಕ್ಕಿಂತ ದೂರ ಇದ್ದವು, ಅಂದರೆ ಕಡಿಮೆ ಅಂದರೂ 100 ಮೈಲಿ. ಚಂದ್ರನ ಕೇಂದ್ರದಿಂದ ಗಡಿಗೆ 1000 ಮೈಲಿ, ಗಡಿಯನ್ನು ಸವರಿಕೊಂಡು ಹೋಗುವ ಬಿಸಿಲು ಆ ತುದಿಗೆ 100 ಮೈಲಿ. ಇವೆರಡರ ನಡುವೆ ಲಂಬಕೋನ. ಆಗ ಕೇಂದ್ರದಿಂದ ತುದಿಗೆ ಇರುವ ದೂರ:

√(1000² + 100²) ≈ 1005

1000 ತ್ರಿಜ್ಯವನ್ನು ಕಳೆದರೆ ಉಳಿಯುವುದು ಸುಮಾರು 5. ಗೆಲಿಲಿಯೋ ಸ್ವಲ್ಪ ಹಿಂದೆ ಸರಿದು "4 ಮೈಲಿಗಿಂತ ಹೆಚ್ಚು" ಅಂತ ಬರೆದ. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ, ಅಷ್ಟೇ. ಆದರೆ ಭೂಮಿಯ ಮೇಲಿನ ಬೆಟ್ಟ ಅಳೆಯುವ ಕ್ರಮದಲ್ಲೇ ಆಕಾಶದ ಬೆಟ್ಟವನ್ನೂ ಅಳೆಯಬಹುದು ಅಂತ ತೋರಿಸಿದ್ದು ವಿಚಾರದ ಮಟ್ಟದಲ್ಲಿ ದೊಡ್ಡ ಹೆಜ್ಜೆ. ಈ ಲೆಕ್ಕವನ್ನು ಯಾವ ಭಾಗಕ್ಕೆ ಹಾಕೋದು ಅಂತ ನನ್ನ ತರಗತಿಯಲ್ಲೂ ಕೇಳುತ್ತಾರೆ. ವಿಚಾರಕ್ಕೇ ಹಾಕಿ. ಅದು ಸಲಕರಣೆ ಅಲ್ಲ, ವಾದ.

ವಿಚಾರದ ಭಾಗದಲ್ಲಿ ಅಂಕ ಕಳೆಯುವ ವಾಕ್ಯವೂ ಒಂದಿದೆ. "ಇದರಿಂದ ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದು ಸಾಬೀತಾಯಿತು." ಆಗಲಿಲ್ಲ. ಚಂದ್ರನಲ್ಲಿ ಬೆಟ್ಟ ಇದ್ದರೆ ಭೂಮಿ ಚಲಿಸುತ್ತದೆ ಅಂತ ಹೇಗಾಗುತ್ತದೆ? ಅದೇ ಪುಸ್ತಕದಲ್ಲಿ ಗುರುಗ್ರಹದ ನಾಲ್ಕು ಚಂದ್ರರೂ ಇದ್ದಾರೆ. ಅವು ತೋರಿಸಿದ್ದು ಎಲ್ಲವೂ ಭೂಮಿಯ ಸುತ್ತಲೇ ಸುತ್ತಬೇಕಿಲ್ಲ ಅನ್ನುವುದನ್ನು ಮಾತ್ರ. 1610ರ ಕೊನೆಯಲ್ಲಿ ಕಂಡ ಶುಕ್ರನ ಹೆಚ್ಚುಕಡಿಮೆಯಾಗುವ ಬಿಂಬ, ಭೂಮಿಯೇ ಕೇಂದ್ರ ಅನ್ನುವ ಟಾಲೆಮಿಯ ಹಳೆಯ ಲೆಕ್ಕಕ್ಕೆ ನಿಜವಾದ ಪೆಟ್ಟು ಕೊಟ್ಟಿತು. ಆದರೂ ಟೈಕೋ ಬ್ರಾಹೆಯ ವ್ಯವಸ್ಥೆಯಲ್ಲಿ ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ. ಅದಕ್ಕೂ ಈ ಬಿಂಬ ಹೊಂದುತ್ತಿತ್ತು. ಆದ್ದರಿಂದ "ಆಕಾಶ ಮತ್ತು ಭೂಮಿ ಬೇರೆ ಬೇರೆ ಎಂಬ ನಂಬಿಕೆಯನ್ನು ಅಲುಗಾಡಿಸಿತು" ಅಂತ ಬರೆದು ನಿಲ್ಲಿಸಿ. ಅದು ನಿಜ, ಅಷ್ಟು ಸಾಕು.

ಪುಸ್ತಕ ಅಚ್ಚಾಗಿದ್ದು 1610ರ ಮಾರ್ಚ್‌ನಲ್ಲಿ, ವೆನಿಸ್‌ನಲ್ಲಿ, ಸುಮಾರು 550 ಪ್ರತಿ. ಕುಂಚದ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದರು. ಅಚ್ಚು ತಂತ್ರಜ್ಞಾನದ ಭಾಗಕ್ಕೆ ಸೇರುತ್ತದೆ, ಒಂದು ವಾಕ್ಯ ಸಾಕು.

ಈಗ ಉತ್ತರ ಹೀಗೆ ಬರೆಯಬಹುದು: "1608ರಲ್ಲಿ ಹಾಲೆಂಡಿನಲ್ಲಿ ಬಂದ ದೂರದರ್ಶಕವನ್ನು ಗೆಲಿಲಿಯೋ ಸುಮಾರು 20 ಪಟ್ಟಿನವರೆಗೆ ಸುಧಾರಿಸಿದನು. ಮುದ್ರಣದಿಂದ ಅವನ ಚಿತ್ರಗಳು ಬೇಗ ಹರಡಿದವು. ಇದು ತಂತ್ರಜ್ಞಾನದ ಪಾತ್ರ. ಫ್ಲಾರೆನ್ಸ್‌ನ ಚಿತ್ರಕಲಾ ಪರಂಪರೆಯಲ್ಲಿ ಬೆಳಕು-ನೆರಳಿನ ಅಭ್ಯಾಸವಿದ್ದುದರಿಂದ ಚಂದ್ರನ ಕಪ್ಪು ಭಾಗಗಳನ್ನು ನೆರಳುಗಳೆಂದು ಗುರುತಿಸಲು, ಅವುಗಳನ್ನು ಚಿತ್ರಿಸಲು ನೆರವಾಯಿತು. ಇದು ಕಲೆಯ ಪಾತ್ರ. ನೆರಳುಗಳಿಂದ ಬೆಟ್ಟಗಳಿವೆ ಎಂದು ವಾದಿಸಿ, ಜ್ಯಾಮಿತಿಯಿಂದ ಎತ್ತರವನ್ನು ಲೆಕ್ಕ ಹಾಕಿ, ಆಕಾಶಕಾಯಗಳು ಪರಿಪೂರ್ಣ ಗೋಳಗಳೆಂಬ ಅರಿಸ್ಟಾಟಲ್‌ನ ವಿಚಾರವನ್ನು ಪ್ರಶ್ನಿಸಿದನು. ಇದು ವಿಚಾರದ ಪಾತ್ರ. ಉಪಕರಣ ತೋರಿಸಿತು, ತರಬೇತಿ ಪಡೆದ ಕಣ್ಣು ಗುರುತಿಸಿತು, ಗಣಿತ ಅದಕ್ಕೆ ಅರ್ಥ ಕೊಟ್ಟಿತು." ಕೊನೆಯ ವಾಕ್ಯ ಸಂಬಂಧಕ್ಕೆ ಇರುವ ಅಂಕಕ್ಕಾಗಿ. ಅದನ್ನು ಬಿಡಬೇಡಿ.

ಯಾವುದು ಯಾವ ಭಾಗ ಅಂತ ಗೊಂದಲವಾದರೆ ಕ್ರಿಯಾಪದ ನೋಡಿ. ಆ ಘಟನೆಯಲ್ಲಿ ಏನನ್ನು ತಯಾರಿಸಿದರು ಅಥವಾ ಸುಧಾರಿಸಿದರು? ಅದು ತಂತ್ರಜ್ಞಾನ. ಏನನ್ನು, ಹೇಗೆ ಚಿತ್ರಿಸಿದರು ಅಥವಾ ಕೆತ್ತಿದರು? ಅದು ಕಲೆ. ಏನನ್ನು ವಾದಿಸಿದರು, ಯಾವ ನಂಬಿಕೆಯನ್ನು ಪ್ರಶ್ನಿಸಿದರು? ಅದು ವಿಚಾರ. ಬ್ರುನೆಲೆಸ್ಕಿಯನ್ನೇ ತೆಗೆದುಕೊಳ್ಳಿ. ಅವನು ಫ್ಲಾರೆನ್ಸ್‌ನ ದೊಡ್ಡ ಚರ್ಚಿನ ಗುಮ್ಮಟವನ್ನು 1420ರಿಂದ 1436ರವರೆಗೆ ಕಟ್ಟಿಸಿದ. ನೆಲದಿಂದ ಎಬ್ಬಿಸಿದ ಮರದ ಅಟ್ಟಣೆಯ ಆಧಾರವಿಲ್ಲದೆ, ಇಟ್ಟಿಗೆಗಳನ್ನು ಮೀನಿನ ಮುಳ್ಳಿನ ಆಕಾರದಲ್ಲಿ ಜೋಡಿಸಿ, ಎತ್ತುಗಳು ಎಳೆಯುವ ಯಂತ್ರದಿಂದ ಭಾರ ಮೇಲಕ್ಕೆ ಏರಿಸಿದ. ಇದು ತಂತ್ರಜ್ಞಾನ. ಅದೇ ಮನುಷ್ಯ ಸಮತಟ್ಟಾದ ಫಲಕದ ಮೇಲೆ ಆಳ ಕಾಣುವ ಹಾಗೆ ಕಟ್ಟಡವನ್ನು ಚಿತ್ರಿಸಿ ತೋರಿಸಿದ. ದೂರ ಹೋದಂತೆ ಗೆರೆಗಳು ಒಂದು ಬಿಂದುವಿನಲ್ಲಿ ಸೇರುವ ಈ ಕ್ರಮ ಕಲೆಗೆ ಸೇರುತ್ತದೆ. ಅದರ ಹಿಂದೆ ಗಣಿತ ಇದೆ ನಿಜ, ಆದರೆ 2 ಅಂಕದ "ಪುನರುಜ್ಜೀವನ ಕಲೆಯ ಲಕ್ಷಣ" ಪ್ರಶ್ನೆಗೆ ಅದು ಕಲೆಯೇ. ಗಣಿತದ ಮಾತು ಅರ್ಧ ವಾಕ್ಯದಲ್ಲಿ ಬಂದರೆ ಸಾಕು.

ಮುದ್ರಣದ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಗುಟೆನ್‌ಬರ್ಗ್ ಮುದ್ರಣವನ್ನೇ ಕಂಡುಹಿಡಿದ ಅಂತ ಬರೆಯುತ್ತಾರೆ. ಚೀನಾದಲ್ಲಿ 11ನೇ ಶತಮಾನಕ್ಕೇ ಬಿಡಿ ಅಚ್ಚುಮೊಳೆ ಇತ್ತು, ಕೊರಿಯಾದಲ್ಲಿ 1377ರಲ್ಲಿ ಲೋಹದ ಮೊಳೆಗಳಿಂದ ಪುಸ್ತಕ ಅಚ್ಚಾಗಿತ್ತು. 1450ರ ಸುಮಾರಿಗೆ ಮೈನ್ಜ್‌ನಲ್ಲಿ ಗುಟೆನ್‌ಬರ್ಗ್ ಮಾಡಿದ್ದು ಸೀಸ, ತವರ, ಆಂಟಿಮನಿ ಬೆರೆಸಿದ ಮೊಳೆ, ಎಣ್ಣೆಯ ಶಾಯಿ, ಒತ್ತುಯಂತ್ರ ಮೂರನ್ನೂ ಒಂದು ವ್ಯವಸ್ಥೆಯಾಗಿ ಸೇರಿಸುವುದು. ಮಾನವತಾವಾದ ಹರಡಿದ್ದು ಅದರ ಪರಿಣಾಮ. ಪರಿಣಾಮ ಕೇಳಿದಾಗ ಮಾತ್ರ ಅದನ್ನು ಬರೆಯಿರಿ.

ಎಲ್ಲ ಘಟನೆಗಳಲ್ಲೂ ಮೂರು ಭಾಗ ಸಮಪಾಲಾಗಿ ಸಿಗುತ್ತವೆ ಅಂತ ತಿಳಿಯಬೇಡಿ. 1543ನೇ ಇಸವಿಯ ಎರಡು ಪುಸ್ತಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಬಾಸೆಲ್‌ನಲ್ಲಿ ಅಚ್ಚಾದ ವೆಸಾಲಿಯಸ್‌ನ ಅಂಗರಚನೆಯ ಪುಸ್ತಕದಲ್ಲಿ ಮೂರೂ ಭಾಗ ತುಂಬಿಕೊಂಡಿವೆ. ಬಯಲಿನಲ್ಲಿ ನಿಂತ, ಚರ್ಮ ಸುಲಿದ ದೇಹಗಳ ಚಿತ್ರಗಳು ಕಲೆ. ವೆನಿಸ್‌ನಲ್ಲಿ ಕೊರೆದು ಆಲ್ಪ್ಸ್ ದಾಟಿಸಿ ತಂದ ಮರದ ಅಚ್ಚುಗಳು ತಂತ್ರಜ್ಞಾನ. ತಾನೇ ಶವ ಕೊಯ್ದು ನೋಡಿ, ಮನುಷ್ಯನ ಕೆಳದವಡೆ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದಂತೆ ಎರಡು ಮೂಳೆ ಅಲ್ಲ, ಒಂದೇ ಅಂತ ಹೇಳಿದ್ದು ವಿಚಾರ. ಅದೇ ವರ್ಷ ನ್ಯೂರೆಂಬರ್ಗ್‌ನಲ್ಲಿ ಬಂದ ಕೋಪರ್ನಿಕಸ್‌ನ ಪುಸ್ತಕದಲ್ಲಿ ವಿಚಾರವೇ ಮುಕ್ಕಾಲು ಪಾಲು. ದೂರದರ್ಶಕ ಇನ್ನೂ ಹುಟ್ಟಿರಲಿಲ್ಲ. "ಕೋಪರ್ನಿಕಸ್ ದೂರದರ್ಶಕದಿಂದ ನೋಡಿ" ಅಂತ ಶುರುವಾಗುವ ಉತ್ತರ ಪ್ರತಿ ವರ್ಷ ಬರುತ್ತದೆ, ಅದರ ಪಕ್ಕ ಕೆಂಪು ಗೆರೆ ಎಳೆಯದೆ ವಿಧಿಯಿಲ್ಲ. ಅಲ್ಲಿ ಕಲೆಯನ್ನು ಬಲವಂತವಾಗಿ ತುರುಕುವ ಬದಲು "ಇಲ್ಲಿ ಕಲೆಯ ಪಾತ್ರ ಅಲ್ಪ" ಅಂತ ನೇರವಾಗಿ ಬರೆಯುವುದೇ ವಾಸಿ.

ತಯಾರಿಗೆ ನಿಮ್ಮ ಮುಂದೆ ಎರಡು ದಾರಿ ಇವೆ. ಗೈಡ್‌ನ ಕಾಲಂಗಳನ್ನೇ ಓದುವುದು ಮೊದಲನೆಯದು. ಒಂದು ಅಂಕದ ಪ್ರಶ್ನೆಗಳಿಗೆ, ಹೊಂದಿಸಿ ಬರೆಯುವುದಕ್ಕೆ ಅದು ಸಾಕು, ಸಮಯವೂ ಉಳಿಯುತ್ತದೆ. "ಪ್ರತ್ಯೇಕಿಸಿ", "ಸಂಬಂಧ ತೋರಿಸಿ" ಅಂತ ಬಂದರೆ ಕೈಕೊಡುತ್ತದೆ. ಲಿಯೊನಾರ್ಡೊನ ಹಾರುವ ಯಂತ್ರವನ್ನು ತಂತ್ರಜ್ಞಾನದ ಸಾಧನೆ ಅಂತ ಬರೆಯುವ ಅಪಾಯವೂ ಅಲ್ಲೇ ಇದೆ. ಅವು ಅವನ ಟಿಪ್ಪಣಿಗಳಲ್ಲೇ ಉಳಿದವು, ಅವನ ಕಾಲದಲ್ಲಿ ಅಚ್ಚಾಗಲಿಲ್ಲ. ಎರಡನೆಯದು ಚಂದ್ರನ ವೀಕ್ಷಣೆ, ವೆಸಾಲಿಯಸ್, ಬ್ರುನೆಲೆಸ್ಕಿ, ಕೋಪರ್ನಿಕಸ್ ಈ ನಾಲ್ಕನ್ನು ಮಾತ್ರ ಮೇಲಿನ ಹಾಗೆ ಬಿಡಿಸಿ ಬರೆದಿಟ್ಟುಕೊಳ್ಳುವುದು. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ಗೊತ್ತಿರುವ ಕಥೆಯನ್ನೇ ಎಲ್ಲ ಪ್ರಶ್ನೆಗೂ ಬರೆಯುವ ಚಟ ಹತ್ತುತ್ತದೆ. ರಕ್ತ ಪರಿಚಲನೆಯ ಬಗ್ಗೆ ಹಾರ್ವೆಯ 1628ರ ಪುಸ್ತಕ ಕೇಳಿದಾಗ ಚಂದ್ರ ಬೇಡ. ಅಲ್ಲಿ ಸೂಕ್ಷ್ಮದರ್ಶಕವೂ ಬೇಡ, ಹಾರ್ವೆ ಅದಿಲ್ಲದೆ ಪ್ರಯೋಗ ಮತ್ತು ಲೆಕ್ಕದಿಂದ ವಾದಿಸಿದ. ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸುವ ಕೂದಲೆಳೆಯಂಥ ನಾಳಗಳನ್ನು ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದು 1661ರಲ್ಲಿ.

ಅಂಕದ ವಿಷಯದಲ್ಲಿ ನಿಮ್ಮ ಅಧ್ಯಾಪಕರ ಹತ್ತಿರ ಸ್ಕೀಮ್ ತೋರಿಸಿ ಅಂತ ಕೇಳಬಹುದು, ತಪ್ಪೇನಿಲ್ಲ. ಕೆಲವರು ಮುದ್ರಣವನ್ನು ವಿಚಾರದ ಹರಡುವಿಕೆಗೆ ಹಾಕಿರುತ್ತಾರೆ, ಕೆಲವರು ಬೆಳಕು-ನೆರಳನ್ನು ವೀಕ್ಷಣೆಯ ವಿಧಾನಕ್ಕೆ ಸೇರಿಸಿರುತ್ತಾರೆ. ಹಾಗಿದ್ದರೆ ಜಗಳಕ್ಕೆ ಹೋಗದೆ, ಮುಂದಿನ ಸಲ ಯಾಕೆ ಆ ಭಾಗಕ್ಕೆ ಹಾಕಿದಿರಿ ಅನ್ನುವುದಕ್ಕೆ "ಏಕೆಂದರೆ" ಅಂತ ಒಂದು ವಾಕ್ಯ ಸೇರಿಸಿ. ಕಾರಣ ಕೊಟ್ಟ ವಿಂಗಡಣೆಗೆ ಸ್ಕೀಮ್‌ನಲ್ಲಿ ಇಲ್ಲದಿದ್ದರೂ ಅಂಕ ಹಾಕಲು ತಿದ್ದುವವರಿಗೆ ದಾರಿ ಸಿಗುತ್ತದೆ.